ಲಾಭ ಬಂದರೂ ಕೈಯಲ್ಲಿ ಕಾಸಿಲ್ಲದ ತಿಂಗಳುಗಳು

ಹೊಸ ಕಾರ್ಖಾನೆಯ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ವರ್ಷದ ಲೆಕ್ಕವಿರುತ್ತದೆ. ಆದರೆ ಸಂಬಳ, ಬಡ್ಡಿ, ಕರೆಂಟ್ ಬಿಲ್ ಕಟ್ಟಬೇಕಾದದ್ದು ತಿಂಗಳು ತಿಂಗಳು. ಹೀಗಾಗಿ ಹಣದ ಹರಿವನ್ನು ಕನಿಷ್ಠ ಮೊದಲ ಎರಡು ಮೂರು ವರ್ಷವಾದರೂ ತಿಂಗಳ ಲೆಕ್ಕದಲ್ಲೇ ಬರೆಯಬೇಕು.

ರಟ್ಟಿನ ಪೆಟ್ಟಿಗೆ ತಯಾರಿಸುವ 10 ಕೋಟಿ ರೂಪಾಯಿಯ ಒಂದು ಘಟಕವನ್ನು ಊಹಿಸಿಕೊಳ್ಳಿ. ಮಾಲೀಕರದು 4 ಕೋಟಿ, ಬ್ಯಾಂಕಿನದು 6 ಕೋಟಿ. ಕಟ್ಟಡ ಮತ್ತು ಯಂತ್ರ ಜೋಡಣೆಗೆ 12 ತಿಂಗಳು. ಸಾಲ ತಿಂಗಳಿಗೆ 50 ಲಕ್ಷದಂತೆ ಬಿಡುಗಡೆಯಾಗುತ್ತದೆ, ಬಡ್ಡಿ ತಿಂಗಳಿಗೆ ಶೇ. 1. ಮೊದಲ ತಿಂಗಳ ಬಡ್ಡಿ 50 ಸಾವಿರ, ಹನ್ನೆರಡನೆಯದರಲ್ಲಿ 6 ಲಕ್ಷ. ಒಟ್ಟು 39 ಲಕ್ಷ. ಒಂದು ಪೆಟ್ಟಿಗೆಯೂ ಮಾರಾಟವಾಗುವ ಮೊದಲೇ ಕಟ್ಟಬೇಕಾದ ಈ ಮೊತ್ತವನ್ನು ಯೋಜನಾ ವೆಚ್ಚದಲ್ಲೇ ಸೇರಿಸಬೇಕು. ವಿದ್ಯುತ್ ಸಂಪರ್ಕ ಮೂರು ತಿಂಗಳು ತಡವಾದರೆ ಬಡ್ಡಿಯೇ ಇನ್ನೂ 18 ಲಕ್ಷ.

ಉತ್ಪಾದನೆ ಶುರುವಾದ ಕೂಡಲೇ ಪೂರ್ಣ ಮಾರಾಟ ಸಿಗುವುದಿಲ್ಲ. ಗ್ರಾಹಕರು ಮೊದಲು ಸ್ಯಾಂಪಲ್ ನೋಡುತ್ತಾರೆ, ಆಮೇಲೆ ಸಣ್ಣ ಆರ್ಡರ್ ಕೊಟ್ಟು ಪರೀಕ್ಷಿಸುತ್ತಾರೆ. ಪೂರ್ಣ ಸಾಮರ್ಥ್ಯದಲ್ಲಿ ತಿಂಗಳಿಗೆ 1 ಕೋಟಿ ಮಾರಾಟವೆಂದುಕೊಂಡರೆ, ಮೊದಲ ವರ್ಷ ಮೂರು ಮೂರು ತಿಂಗಳಿಗೆ ಶೇ. 30, 45, 60, 75ರಂತೆ ಏರುತ್ತದೆ ಎನ್ನೋಣ. ಕಚ್ಚಾ ಸಾಮಗ್ರಿ ಇತ್ಯಾದಿಗೆ ನೂರಕ್ಕೆ 65 ಹೋಗುತ್ತದೆ. ಸಂಬಳ, ಬಡ್ಡಿಯಂಥ ಸ್ಥಿರ ವೆಚ್ಚ ತಿಂಗಳಿಗೆ 21 ಲಕ್ಷ. ಅಸಲು ಮರುಪಾವತಿ ಇನ್ನೂ ಶುರುವಾಗಿಲ್ಲ. ಹಾಗಿದ್ದೂ ಮಾರಾಟ ಶೇ. 60 ಮುಟ್ಟಿದಾಗಲೇ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಸ್ಥಿತಿ.

ವರ್ಷದ ಲೆಕ್ಕ ತೋರಿಸುವ ನಷ್ಟ 31.5 ಲಕ್ಷ. ಅಷ್ಟನ್ನು ಹೊಂದಿಸಿಟ್ಟರೆ ಸಾಕೆನಿಸುತ್ತದೆ. ಆದರೆ ಸಾಮಗ್ರಿಗೆ ನಗದು ಕೊಡಬೇಕು, ಗ್ರಾಹಕರು ಹಣ ಕೊಡುವುದು ಎರಡು ತಿಂಗಳ ನಂತರ. ಹತ್ತನೇ ತಿಂಗಳಿಂದ ಘಟಕ ಲಾಭದಲ್ಲಿದ್ದರೂ, ಹನ್ನೊಂದನೇ ತಿಂಗಳ ಕೊನೆಗೆ 1.5 ಕೋಟಿ ಗ್ರಾಹಕರ ಬಳಿ ಬಾಕಿ ನಿಂತಿರುತ್ತದೆ. ಅದಕ್ಕೆ ಅಲ್ಲಿಯವರೆಗಿನ ನಷ್ಟ ಸೇರಿದರೆ ಒಟ್ಟು ಕೊರತೆ ಸುಮಾರು 1.87 ಕೋಟಿ. ದಾಸ್ತಾನಿನಲ್ಲಿ ಸಿಲುಕುವ ಹಣ ಇದರಲ್ಲಿ ಸೇರಿಲ್ಲ. ಮಾರಾಟ ಏರಿದಷ್ಟೂ ಬಾಕಿ ಬೆಳೆಯುವುದರಿಂದ, ಲಾಭ ಕಂಡ ತಿಂಗಳುಗಳಲ್ಲೇ ಕೊರತೆ ಇನ್ನಷ್ಟು ಆಳವಾಗುತ್ತದೆ.

ದುಡಿಯುವ ಬಂಡವಾಳದ ಸಾಲವನ್ನು ಈ ಅತಿ ಆಳದ ತಿಂಗಳಿಗೆ ತಕ್ಕಂತೆ ಕೇಳಬೇಕು. ಅದರ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಸಲಿನ ಮೊದಲ ಕಂತನ್ನೂ ಆ ತಿಂಗಳು ದಾಟಿದ ಮೇಲೆಯೇ ಇರಿಸಿಕೊಳ್ಳಬೇಕು. ಸಹಿ ಹಾಕುವ ಮುನ್ನ ಮಾರಾಟದ ಪ್ರತಿ ಮೆಟ್ಟಿಲನ್ನೂ ಒಂದೊಂದು ತಿಂಗಳು ಉದ್ದ ಮಾಡಿ ನೋಡಿ. ಈ ಘಟಕದಲ್ಲಿ ಆಗ ಕೊರತೆ 2 ಕೋಟಿ ದಾಟುತ್ತದೆ. ಆ ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಶಂಕುಸ್ಥಾಪನೆಯನ್ನು ಮುಂದೂಡುವುದೇ ಲೇಸು.