ಮೈದಾ ಸಾಲಿನ ಮುಂದಿನ ಮೈನಸ್

ತಿಂಗಳ ಮೊದಲ ವಾರ ಅಕೌಂಟೆಂಟ್ ಒಂದು ಹಾಳೆ ತಂದು ಮೇಜಿನ ಮೇಲಿಡುತ್ತಾರೆ. ಅದರಲ್ಲಿ ಬಜೆಟ್ ಎಷ್ಟಿತ್ತು, ನಿಜವಾಗಿ ಆದದ್ದೆಷ್ಟು, ಎರಡರ ನಡುವಿನ ವ್ಯತ್ಯಾಸವೆಷ್ಟು ಎಂದು ಮೂರು ಕಾಲಂಗಳಿರುತ್ತವೆ. ಇದೇ ಬಜೆಟ್ ವೇರಿಯನ್ಸ್ ರಿಪೋರ್ಟ್. ಲೆಕ್ಕಶಾಸ್ತ್ರ ಓದದ ಮಾಲೀಕರ ಕಣ್ಣು ನೇರ ಮೂರನೇ ಕಾಲಂಗೆ ಹೋಗಿ, ಮೈನಸ್ ಇರುವ ಸಾಲುಗಳನ್ನು ಹುಡುಕುತ್ತದೆ. ಮೈನಸ್ ಎಂದರೆ ನಷ್ಟ, ಪ್ಲಸ್ ಎಂದರೆ ಲಾಭ ಎಂದು ಮನಸ್ಸು ತಾನಾಗಿಯೇ ಓದಿಕೊಳ್ಳುತ್ತದೆ. ಹಾಗೆ ಓದಿದರೆ ಹಾಳೆ ಹೇಳುತ್ತಿರುವುದಕ್ಕೆ ತದ್ವಿರುದ್ಧವಾದ ಅರ್ಥ ಸಿಗುವುದೂ ಉಂಟು.

ಒಂದು ಬೇಕರಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಕಟ್ಟಿದ್ದೇನೆ. ತಿಂಗಳಿಗೆ 10,000 ಬ್ರೆಡ್, ತಲಾ 40 ರೂಪಾಯಿಯಂತೆ 4,00,000 ರೂಪಾಯಿ ಮಾರಾಟವಾಗಬೇಕೆಂದು ಬಜೆಟ್ ಹಾಕಿದ್ದರು. ಆದದ್ದು 4,56,000. 50 ಕಿಲೋ ಮೂಟೆಯ ಮೈದಾಕ್ಕೆ 1,00,000 ರೂಪಾಯಿ ಇಟ್ಟಿದ್ದರು. ಖರ್ಚಾದದ್ದು 1,19,700.

ಕೆಲವು ಕಡೆ ಆದದ್ದರಿಂದ ಬಜೆಟ್ ಕಳೆದು ಬರೆಯುತ್ತಾರೆ. ಹಾಗೆ ಬರೆದರೆ ಮಾರಾಟದ ಮುಂದೆ ಪ್ಲಸ್ 56,000, ಮೈದಾದ ಮುಂದೆ ಪ್ಲಸ್ 19,700 ಬರುತ್ತದೆ. ಗುರುತು ಒಂದೇ ಆದರೂ ಮೊದಲನೆಯದು ಮಾಲೀಕರ ಜೇಬಿಗೆ ಬಂದದ್ದು, ಎರಡನೆಯದು ಜೇಬಿನಿಂದ ಹೋದದ್ದು. ಈ ಗೊಂದಲ ಬೇಡವೆಂದೇ ಅಕೌಂಟೆಂಟರು ಪಕ್ಕದಲ್ಲಿ ಒಂದು ಅಕ್ಷರ ಹಾಕುತ್ತಾರೆ. F ಎಂದರೆ ಅನುಕೂಲ, A ಅಥವಾ U ಎಂದರೆ ಪ್ರತಿಕೂಲ. ಮೊತ್ತ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಆ ಅಕ್ಷರ ಹೇಳುವುದಿಲ್ಲ. ಆ ಒಂದು ಸಾಲಿನ ವ್ಯತ್ಯಾಸದಿಂದ ಲಾಭ ಬಜೆಟ್ಟಿಗಿಂತ ಮೇಲಕ್ಕೆ ಹೋಯಿತೋ ಕೆಳಕ್ಕೆ ಇಳಿಯಿತೋ, ಅಷ್ಟನ್ನೇ ಹೇಳುತ್ತದೆ. ಆದಾಯ ಹೆಚ್ಚಿದರೆ F, ಖರ್ಚು ಹೆಚ್ಚಿದರೆ A.

ಅಕ್ಷರವಿಲ್ಲದೆ ಬರೀ ಗುರುತೋ ಆವರಣವೋ ಇದ್ದರೆ ಒಂದು ಉಪಾಯವಿದೆ. ನಿಮಗೆ ಬಾಯಿಪಾಠವಾಗಿರುವ ಒಂದು ಸಾಲನ್ನು ಹಿಡಿಯಿರಿ. ಹಬ್ಬದ ವಾರ ಹುಡುಗರಿಗೆ ಓಟಿ ಕೊಟ್ಟು ಸಂಬಳ 60,000ದಿಂದ 64,000ಕ್ಕೆ ಏರಿದ್ದು ನಿಮಗೆ ಗೊತ್ತು. ಹಾಳೆಯಲ್ಲಿ ಆ 4,000 ಪ್ಲಸ್ ಆಗಿ ಬಂದಿದೆಯೋ, ಮೈನಸ್ ಆಗಿಯೋ, ಆವರಣದೊಳಗೋ ನೋಡಿ. ಖರ್ಚು ಹೆಚ್ಚಿದ್ದನ್ನು ಈ ಹಾಳೆ ಹೇಗೆ ತೋರಿಸುತ್ತದೆಂದು ಅಲ್ಲಿ ತಿಳಿಯುತ್ತದೆ. ಆಮೇಲೆ ಮಾರಾಟದ ಸಾಲನ್ನೂ ಹಾಗೆಯೇ ಪರೀಕ್ಷಿಸಿ, ಏಕೆಂದರೆ ಆದಾಯಕ್ಕೂ ಖರ್ಚಿಗೂ ಬೇರೆ ಬೇರೆ ರೀತಿ ಕಳೆಯುವ ರಿಪೋರ್ಟ್‌ಗಳಿವೆ.

ಈಗ ಮೈದಾಕ್ಕೆ ಬರೋಣ. 19,700 ರೂಪಾಯಿ ಪ್ರತಿಕೂಲ ಎಂದು ಹಾಳೆ ಹೇಳುತ್ತಿದೆ. ಬೇಕರಿ ಮಾಸ್ಟರನ್ನು ಕರೆದು ಗದರಿಸುವ ಮೊದಲು, ಬಜೆಟ್ ಎಷ್ಟು ಬ್ರೆಡ್ಡಿಗೆ ಹಾಕಿದ್ದು ಎಂದು ಕೇಳಿಕೊಳ್ಳಬೇಕು. ಅದು 10,000 ಬ್ರೆಡ್ಡಿನ ಬಜೆಟ್. ಆ ತಿಂಗಳು ಮಾರಿದ್ದು 12,000. ಹೆಚ್ಚು ಬ್ರೆಡ್ ಬೇಯಿಸಿದರೆ ಹೆಚ್ಚು ಮೈದಾ ಬೇಕೇ ಬೇಕು. ಈ ಬೇಕರಿಯ ಅಳತೆಯಲ್ಲಿ ಒಂದು ಬ್ರೆಡ್ಡಿಗೆ ಕಾಲು ಕಿಲೋ, ಅಂದರೆ ಒಂದು ಮೂಟೆಗೆ 200 ಬ್ರೆಡ್. 12,000ಕ್ಕೆ 60 ಮೂಟೆ, ಮೂಟೆಗೆ 2,000 ರೂಪಾಯಿಯಂತೆ 1,20,000. ಹೀಗೆ ನಿಜವಾದ ಮಾರಾಟಕ್ಕೆ ಹೊಂದಿಸಿ ಮತ್ತೆ ಹಾಕಿದ ಬಜೆಟ್ಟಿಗೆ ಫ್ಲೆಕ್ಸಿಬಲ್ ಬಜೆಟ್ ಎನ್ನುತ್ತಾರೆ. ಅದರ ಪಕ್ಕ 1,19,700 ಇಟ್ಟರೆ ಪ್ರತಿಕೂಲವಾಗಿದ್ದ ಸಾಲು 300 ರೂಪಾಯಿ ಅನುಕೂಲಕ್ಕೆ ತಿರುಗುತ್ತದೆ. ಮಾಲೀಕರು ತಮ್ಮ ಅಕೌಂಟೆಂಟರನ್ನು ಒಂದೇ ಒಂದು ವಿಷಯ ಕೇಳುವುದಾದರೆ ಇದನ್ನು ಕೇಳಬೇಕೆಂದು ನನ್ನ ಅಭಿಪ್ರಾಯ: ಈ ಬಜೆಟ್ ಮೊದಲು ಹಾಕಿದ್ದೋ, ಮಾರಾಟಕ್ಕೆ ಹೊಂದಿಸಿದ್ದೋ? ಬಾಡಿಗೆಯಂಥ ಖರ್ಚುಗಳನ್ನು ಮಾತ್ರ ಹೀಗೆ ಹಿಗ್ಗಿಸಬಾರದು. ಎರಡು ಸಾವಿರ ಬ್ರೆಡ್ ಹೆಚ್ಚು ಮಾರಿದಿರೆಂದು ಕಟ್ಟಡದ ಮಾಲೀಕರು ಹೆಚ್ಚು ಕೇಳುವುದಿಲ್ಲ.

300 ರೂಪಾಯಿ ಅನುಕೂಲವಾದರೆ ಮೈದಾದ ಕಡೆ ಎಲ್ಲ ಸರಿಯಿದೆ ಎಂದು ಪುಟ ತಿರುವಬೇಕೆನ್ನಿಸುತ್ತದೆ. ಬಿಲ್ಲುಗಳನ್ನು ತೆಗೆದು ನೋಡಿದರೆ ಕಥೆ ಬೇರೆ. ಮೂಟೆಗೆ 2,000 ಅಂದುಕೊಂಡದ್ದು 1,900ಕ್ಕೆ ಸಿಕ್ಕಿದೆ, ಬಳಸಿದ್ದು 63 ಮೂಟೆ. ದರದಲ್ಲಿ ಮೂಟೆಗೆ 100 ರೂಪಾಯಿಯಂತೆ 6,300 ಉಳಿದಿದೆ, ಅದು ಅನುಕೂಲ. ಆದರೆ 60 ಮೂಟೆ ಸಾಕಾಗಬೇಕಿದ್ದಲ್ಲಿ ಮೂರು ಮೂಟೆ ಹೆಚ್ಚು ಹೋಗಿದೆ. ಬಜೆಟ್ ದರದಲ್ಲಿ ಅದರ ಬೆಲೆ 6,000, ಅದು ಪ್ರತಿಕೂಲ. ಒಂದರಿಂದ ಇನ್ನೊಂದನ್ನು ಕಳೆದಾಗ ಉಳಿದದ್ದು ಆ 300. ಚಿಕ್ಕದಾಗಿ ಕಂಡ ವ್ಯತ್ಯಾಸದೊಳಗೆ ಎರಡು ದೊಡ್ಡ ವ್ಯತ್ಯಾಸಗಳು ಒಂದನ್ನೊಂದು ಮುಚ್ಚಿಕೊಂಡು ಕೂತಿದ್ದವು.

ಮೂರು ಮೂಟೆ ಎಲ್ಲಿ ಹೋಯಿತು? ಮೊದಲು ಗೋಡೌನಿಗೆ ಹೋಗಿ ಎಣಿಸಬೇಕು. ಖರೀದಿಯನ್ನೇ ಬಳಕೆಯೆಂದು ಪುಸ್ತಕದಲ್ಲಿ ಬರೆದಿದ್ದರೆ, ಮೂಟೆಗಳು ಹೊಲಿಗೆ ಬಿಚ್ಚದೆ ಅಲ್ಲೇ ಇರಬಹುದು. ತಿಂಗಳ ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ ಕೊನೆಯ ದಾಸ್ತಾನು ಕಳೆದರೆ ನಿಜವಾದ ಬಳಕೆ ಸಿಗುತ್ತದೆ. ಅದೂ 63 ಬಂದರೆ, ಅಗ್ಗದ ಮೈದಾದ ಮೇಲೆ ಅನುಮಾನ ಬರುವುದು ಸಹಜ. ಅಂಟು ಕಡಿಮೆಯಿರುವ ಮೈದಾ ಸರಿಯಾಗಿ ಉಬ್ಬುವುದಿಲ್ಲ, ಕುಸಿದ ಬ್ರೆಡ್ಡನ್ನು ಅಂಗಡಿಗೆ ಕಳಿಸಲಾಗುವುದಿಲ್ಲ. ಹಾಗಿದ್ದರೆ ಖರೀದಿಯಲ್ಲಿ ಉಳಿಸಿದ 6,300ರಲ್ಲಿ 6,000 ಒಲೆಯ ಮುಂದೆ ಕಳೆದುಹೋಗಿದೆ ಎಂದರ್ಥ. ಖರೀದಿ ನೋಡುವವರನ್ನು ಹೊಗಳಿ ಮಾಸ್ಟರನ್ನು ಬೈದರೆ ಅನ್ಯಾಯವಾಗುತ್ತದೆ.

ಖರ್ಚಿನ ಸಾಲುಗಳಲ್ಲಿ ಇನ್ನೆರಡು F ಗುರುತುಗಳಿವೆ, ಅವನ್ನೂ ನಂಬುವ ಮೊದಲು ನಿಲ್ಲಬೇಕು. ಕರೆಂಟ್ ಬಿಲ್ಲಿಗೆ ಬಜೆಟ್ 25,000, ಖರ್ಚು ಸೊನ್ನೆ, 25,000 ಅನುಕೂಲ. ಓವನ್ ಬಂದ್ ಆಗಿರಲಿಲ್ಲವಲ್ಲ! ಬಿಲ್ ಮುಂದಿನ ತಿಂಗಳು ಬಂದಿದೆ, ಈ ತಿಂಗಳ ಪುಸ್ತಕಕ್ಕೆ ಸೇರಿಲ್ಲ, ಅಷ್ಟೆ. ಸರಿಪಡಿಸದಿದ್ದರೆ ಮುಂದಿನ ಹಾಳೆಯಲ್ಲಿ ಅದೇ ಸಾಲು ಪ್ರತಿಕೂಲವಾಗಿ ಎದ್ದು ನಿಲ್ಲಬಹುದು. ರಿಪೇರಿಗೆ ಇಟ್ಟ 15,000 ಕೂಡ ಹಾಗೇ ಉಳಿದಿದೆ. ಅಲ್ಲಿ ಬಿಲ್ ತಡವಾಗಿಲ್ಲ, ಓವನ್ನಿನ ಸರ್ವಿಸನ್ನೇ ಮುಂದೂಡಿದ್ದಾರೆ. ಕಾಗದದ ಮೇಲೆ ಎರಡೂ F. ಮೊದಲನೆಯದನ್ನು ಅಕೌಂಟೆಂಟ್ ಒಂದು ಎಂಟ್ರಿಯಿಂದ ಸರಿಮಾಡಬಹುದು, ಎರಡನೆಯದಕ್ಕೆ ಮೆಕ್ಯಾನಿಕ್ ಬರಬೇಕು.

ಮಾರಾಟದ 56,000 ಅನುಕೂಲವನ್ನೂ ಬಿಡಿಸಬೇಕು. 12,000 ಬ್ರೆಡ್ಡಿಗೆ 4,56,000 ಎಂದರೆ ಒಂದಕ್ಕೆ 38 ರೂಪಾಯಿ. ಬಜೆಟ್ಟಿನ 40ರಲ್ಲಿ ಎರಡು ರೂಪಾಯಿ ಬಿಟ್ಟಿದ್ದಾರೆ. ಎರಡು ಸಾವಿರ ಬ್ರೆಡ್ ಹೆಚ್ಚು ಹೋದದ್ದರಿಂದ 80,000 ಅನುಕೂಲ, ದರ ಇಳಿಸಿದ್ದರಿಂದ 24,000 ಪ್ರತಿಕೂಲ. ವಿಚಾರಿಸಿದರೆ, ಸುತ್ತಲ ಊರುಗಳ ಅಂಗಡಿಗಳಿಗೆ ಕಡಿಮೆ ದರಕ್ಕೆ, ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುವ ಮಾತಿನ ಮೇಲೆ ಬ್ರೆಡ್ ಹಾಕಲು ಶುರುಮಾಡಿದ್ದಾರೆ.

ಇಲ್ಲಿ ಮತ್ತೆ ಮೈದಾ ನೆನಪಾಗುತ್ತದೆ. ಮೂಟೆಗೆ 200ರಂತೆ ಮೂರು ಮೂಟೆಗೆ 600 ಬ್ರೆಡ್. 12,000 ಎಂಬುದು ವಾಪಸ್ ಬಂದದ್ದನ್ನು ಕಳೆದು ಉಳಿದ ಮಾರಾಟ. ಮಾಸ್ಟರ್ ಅಳತೆ ತಪ್ಪದೆ 12,600 ಬೇಯಿಸಿ, 600 ಬ್ರೆಡ್ ಹಳಸಿ ವ್ಯಾನಿನಲ್ಲಿ ಹಿಂತಿರುಗಿದ್ದರೂ ಹಾಳೆಯಲ್ಲಿ ಮೈದಾ ಇದೇ 63 ಮೂಟೆ ತೋರಿಸುತ್ತದೆ. ಕುಸಿದ ಬ್ರೆಡ್ಡೋ ಹಳಸಿದ ಬ್ರೆಡ್ಡೋ ಎಂದು ವೇರಿಯನ್ಸ್ ರಿಪೋರ್ಟ್ ಹೇಳಲಾರದು. ವ್ಯಾನ್ ಡ್ರೈವರ್ ದಿನಾ ವಾಪಸ್ ಬರೆದಿಡುವ ಪುಸ್ತಕವನ್ನೂ, ಒಲೆಯಿಂದ ಇಳಿದ ಟ್ರೇಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿದರೆ ಅದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.