ತೃಪ್ತಿಯ ಅಳತೆಗೆ ಎರಡು ಗೆರೆ

ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಬಾಡಿಗೆ ಮನೆಗಳಲ್ಲಿದ್ದ 1681 ಮಂದಿಯನ್ನು ಒಂದು ಸಮೀಕ್ಷೆ ಮಾತಾಡಿಸಿತ್ತು. ತಮ್ಮ ಮನೆಯ ಬಗ್ಗೆ 567 ಮಂದಿ ‘ಕಡಿಮೆ ತೃಪ್ತಿ’ ಎಂದರು, 446 ಮಂದಿ ‘ಮಧ್ಯಮ’ ಎಂದರು, 668 ಮಂದಿ ‘ಹೆಚ್ಚು’ ಎಂದರು. 1976ರಲ್ಲಿ ಮ್ಯಾಡ್ಸೆನ್ ವಿಶ್ಲೇಷಿಸಿ ಪ್ರಕಟಿಸಿದ ಈ ಅಂಕಿಅಂಶ ಈಗ ಆರ್ ತಂತ್ರಾಂಶದ `MASS` ಪ್ಯಾಕೇಜಿನಲ್ಲಿ `housing` ಎಂಬ ಹೆಸರಿನಲ್ಲಿದೆ. ಯಾರು ಬೇಕಾದರೂ ತೆರೆದು ನೋಡಬಹುದು.

ಇಂಥ ಉತ್ತರಗಳಿಗೆ 1, 2, 3 ಎಂದು ಅಂಕ ಕೊಟ್ಟು ಸರಾಸರಿ ತೆಗೆಯುವುದು ವಾಡಿಕೆ. ಹಾಗೆ ಮಾಡಿದಾಗ ‘ಕಡಿಮೆ’ಯಿಂದ ‘ಮಧ್ಯಮ’ಕ್ಕೂ ‘ಮಧ್ಯಮ’ದಿಂದ ‘ಹೆಚ್ಚು’ಗೂ ಇರುವ ದೂರ ಒಂದೇ ಎಂದು ನಾವೇ ತೀರ್ಮಾನಿಸಿದಂತಾಗುತ್ತದೆ. ಉತ್ತರ ಕೊಟ್ಟವರು ಹೇಳಿದ್ದು ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಮಾತ್ರ.

ಆರ್ಡರ್ಡ್ ಲಾಜಿಟ್ ವಿಧಾನ ಈ ಮೇಲು-ಕೆಳಗನ್ನಷ್ಟೇ ನಂಬುತ್ತದೆ. ಮೂರು ಉತ್ತರಗಳ ನಡುವೆ ಅದು ಎರಡು ಗೆರೆ ಎಳೆಯುತ್ತದೆ. ಮೊದಲ ಗೆರೆ ‘ಕಡಿಮೆ’ ಎಂದವರನ್ನು ಉಳಿದವರಿಂದ ಬೇರ್ಪಡಿಸುತ್ತದೆ, ಎರಡನೆಯದು ‘ಹೆಚ್ಚು’ ಎಂದವರನ್ನು ಉಳಿದವರಿಂದ ಬೇರ್ಪಡಿಸುತ್ತದೆ. ಪ್ರತಿ ಗೆರೆಯಲ್ಲೂ ಕೇಳುವ ಪ್ರಶ್ನೆ ಒಂದೇ: ಗೆರೆಯ ಕೆಳಗೆ ಒಬ್ಬರಿದ್ದರೆ ಮೇಲೆ ಎಷ್ಟು ಮಂದಿ? ಈ ಅನುಪಾತವೇ ಆಡ್ಸ್.

ಈ ವಿಧಾನದ ಹಿಂದೆ ಒಂದು ಷರತ್ತಿದೆ. ಯಾವುದೋ ಒಂದು ಅಂಶ ಮೊದಲ ಗೆರೆಯಲ್ಲಿ ಆಡ್ಸನ್ನು ಎಷ್ಟು ಪಟ್ಟು ಏರಿಸುತ್ತದೋ ಎರಡನೆಯ ಗೆರೆಯಲ್ಲೂ ಅಷ್ಟೇ ಪಟ್ಟು ಏರಿಸಬೇಕು. ಹಾಗಿದ್ದರೆ ಮಾತ್ರ ಆ ಅಂಶದ ಪರಿಣಾಮವನ್ನು ಒಂದೇ ಸಂಖ್ಯೆಯಲ್ಲಿ ಹೇಳಬಹುದು. 1980ರಲ್ಲಿ ಪೀಟರ್ ಮೆಕಲಾ ಈ ಮಾದರಿಯನ್ನು ವಿವರವಾಗಿ ಮಂಡಿಸಿದ ಮೇಲೆ ಇದು ಪ್ರಪೋರ್ಷನಲ್ ಆಡ್ಸ್ ಎಂದು ಹೆಸರಾಯಿತು.

ಷರತ್ತು ನಿಲ್ಲುತ್ತದೆಯೇ ಎಂಬುದನ್ನು ಮೊದಲು ಕೈಲೆಕ್ಕದಲ್ಲೇ ನೋಡಬಹುದು. ವಸತಿಯ ಆಡಳಿತದಲ್ಲಿ ತಮ್ಮ ಮಾತು ಎಷ್ಟು ನಡೆಯುತ್ತದೆ ಎಂದೂ ನಿವಾಸಿಗಳನ್ನು ಕೇಳಲಾಗಿತ್ತು. ಚೆನ್ನಾಗಿ ನಡೆಯುತ್ತದೆ ಎಂದ 395 ಮಂದಿಯಲ್ಲಿ ಮೊದಲ ಗೆರೆಯ ಮೇಲೆ 316, ಕೆಳಗೆ 79, ಆಡ್ಸ್ 4. ಅಷ್ಟಾಗಿ ನಡೆಯುವುದಿಲ್ಲ ಎಂದವರಲ್ಲಿ ಮೇಲೆ 345, ಕೆಳಗೆ 282, ಆಡ್ಸ್ 1.22. ಅಂದರೆ ಸುಮಾರು 3.3 ಪಟ್ಟು ವ್ಯತ್ಯಾಸ. ಎರಡನೆಯ ಗೆರೆಯಲ್ಲಿ ಇದೇ ಲೆಕ್ಕ ಹಾಕಿದರೆ 3.6 ಪಟ್ಟು ಬರುತ್ತದೆ. ಎರಡೂ ಹತ್ತಿರದಲ್ಲಿವೆ, ಇಲ್ಲಿ ಷರತ್ತು ನಿಲ್ಲುತ್ತದೆ.

ಮನೆಯ ಬಗೆಗೆ ಬಂದಾಗ ಚಿತ್ರ ಬದಲಾಗುತ್ತದೆ. ಎತ್ತರದ ಟವರ್ ಕಟ್ಟಡದವರನ್ನು ಏಟ್ರಿಯಂ ಮನೆಯವರೊಂದಿಗೆ ಹೋಲಿಸೋಣ. ಮೊದಲ ಗೆರೆಯಲ್ಲಿ ಟವರಿನವರ ಆಡ್ಸ್ 1.11 ಪಟ್ಟು, ಎರಡನೆಯ ಗೆರೆಯಲ್ಲಿ 1.49 ಪಟ್ಟು. ಆದರೆ ಉಳಿದ ಅಂಶಗಳನ್ನೂ ಲೆಕ್ಕಕ್ಕೆ ಹಿಡಿದು ಆರ್ಡರ್ಡ್ ಲಾಜಿಟ್ ಕೊಡುವುದು 1.44 ಎಂಬ ಒಂದೇ ಸಂಖ್ಯೆ. ಅದನ್ನಷ್ಟೇ ಓದಿದವರು ಏಟ್ರಿಯಂ ಮನೆಗಳಲ್ಲಿ ಅತೃಪ್ತರು ಎದ್ದು ಕಾಣುವಷ್ಟು ಹೆಚ್ಚು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ‘ಕಡಿಮೆ’ ಎಂದವರು ಟವರಿನಲ್ಲಿ ಶೇ. 25, ಏಟ್ರಿಯಂನಲ್ಲಿ ಶೇ. 27, ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಿರುವುದು ‘ಹೆಚ್ಚು’ ಎಂದವರಲ್ಲಿ: ಶೇ. 50 ಮತ್ತು ಶೇ. 40. ದೂರುಗಳನ್ನು ಕಡಿಮೆ ಮಾಡಲು ಹೊರಟವರಿಗೂ ಮೆಚ್ಚುಗೆಯನ್ನು ಹೆಚ್ಚಿಸಲು ಹೊರಟವರಿಗೂ ಈ ಎರಡು ಸಂಗತಿಗಳು ಒಂದೇ ಅಲ್ಲ.

ಹಾಗೆಂದು ಷರತ್ತು ಮುರಿಯಿತು ಎಂದು ಕೂಡಲೇ ತೀರ್ಪು ಕೊಡುವಂತಿಲ್ಲ. ಏಟ್ರಿಯಂನಲ್ಲಿ ಇದ್ದವರು 239 ಮಂದಿ ಮಾತ್ರ. ಎರಡು ಗೆರೆಗಳ ನಡುವಿನ ಈ ಅಂತರವನ್ನು ಲಾಗ್ ಅಳತೆಯಲ್ಲಿ ಲೆಕ್ಕ ಹಾಕಿದರೆ 0.29 ಆಗುತ್ತದೆ, ಅದರ ಸ್ಟ್ಯಾಂಡರ್ಡ್ ಎರರ್ ಸುಮಾರು 0.17. ಅಂತರ ಇದರ ಎರಡು ಪಟ್ಟು ದಾಟಿದರೆ ಅದನ್ನು ಆಕಸ್ಮಿಕವಲ್ಲ ಎನ್ನುವುದು ರೂಢಿ, ಇಲ್ಲಿ 1.7 ಪಟ್ಟಿದೆ. ಅನುಮಾನಕ್ಕೆ ಕಾರಣವಿದೆ, ಸಾಕ್ಷಿ ಸಾಲದು.

ಎಲ್ಲ ಅಂಶಗಳನ್ನೂ ಒಟ್ಟಿಗಿಟ್ಟುಕೊಂಡು ಪರೀಕ್ಷಿಸಲು ಆರ್‌ನಲ್ಲಿ ಇಷ್ಟು ಸಾಕು:

```r
library(ordinal)
data(housing, package = "MASS")
m <- clm(Sat ~ Infl + Type + Cont,
         weights = Freq, data = housing)
nominal_test(m)
```

ಕೊನೆಯ ಸಾಲು ಒಂದೊಂದು ಅಂಶಕ್ಕೂ ಗೆರೆಗೊಂದರಂತೆ ಬೇರೆ ಬೇರೆ ಸಂಖ್ಯೆ ಕೊಟ್ಟು, ಮಾದರಿ ಅದರಿಂದ ಸುಧಾರಿಸಿತೇ ಎಂದು ನೋಡುತ್ತದೆ. 1990ರಲ್ಲಿ ಬ್ರ್ಯಾಂಟ್ ಸೂಚಿಸಿದ ಪರೀಕ್ಷೆ ಕೂಡ ಎರಡು ಗೆರೆಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಂಥದ್ದೇ.

ಈ ಪರೀಕ್ಷೆಗಳಿಗೂ ಮಿತಿಯಿದೆ. ಹತ್ತಾರು ಸಾವಿರ ಮಂದಿಯ ಸಮೀಕ್ಷೆಯಲ್ಲಿ ಲೆಕ್ಕಕ್ಕೇ ಬಾರದ ಅಂತರವನ್ನೂ ಅವು ಎತ್ತಿ ತೋರಿಸುತ್ತವೆ; ಚಿಕ್ಕ ಸಮೀಕ್ಷೆಯಲ್ಲಿ ದೊಡ್ಡ ಅಂತರವೂ ಅವುಗಳ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ಪಿ-ಮೌಲ್ಯದ ಜೊತೆಗೆ ಪ್ರತಿ ಗೆರೆಯ ಆಡ್ಸನ್ನೂ ಓದಬೇಕು. ಅಂತರ ನಿಜಕ್ಕೂ ದೊಡ್ಡದಿದ್ದರೆ ಇಡೀ ಮಾದರಿಯನ್ನು ಬಿಡಬೇಕಿಲ್ಲ. ಷರತ್ತು ಪಾಲಿಸದ ಅಂಶಕ್ಕೆ ಮಾತ್ರ, `clm` ಒಳಗೆ `nominal = ~ Type` ಎಂದು ಸೇರಿಸಿ (ಮೊದಲ ಸೂತ್ರದಿಂದ `Type` ತೆಗೆದು), ಎರಡು ಸಂಖ್ಯೆ ಕೊಟ್ಟು, ಉಳಿದವಕ್ಕೆ ಒಂದೊಂದನ್ನೇ ಉಳಿಸಿಕೊಳ್ಳಬಹುದು. ಪರೀಕ್ಷೆ ಇತ್ತಲೂ ವಾಲದೆ ಅತ್ತಲೂ ವಾಲದೆ ನಿಂತಾಗ, ಏಟ್ರಿಯಂ ಮನೆಗಳ ವಿಷಯದಲ್ಲಾದಂತೆ, ವರದಿಯಲ್ಲಿ 1.44ರ ಪಕ್ಕದಲ್ಲೇ ಆ ಶೇಕಡಾವಾರು ಲೆಕ್ಕವನ್ನೂ ಅಚ್ಚು ಮಾಡಬೇಕು.