ಎರಡನೇ ಸಲ ವಾಂತಿಯಾದರೆ ಇಂಜೆಕ್ಷನ್

ವೇಲಚೇರಿಯಲ್ಲಿ ಮನೆ ಮಾಡಿರುವವರಿಗೆ ಡಿಸೆಂಬರ್ ಅಂದರೆ ನೀರಿನ ಭಯ. 2015ರಲ್ಲೂ 2023ರ ಮಿಚಾಂಗ್ ಚಂಡಮಾರುತದಲ್ಲೂ ಇಲ್ಲಿನ ರಸ್ತೆಗಳು ಮುಳುಗಿದ್ದವು. ನಮಗೆ ಇನ್ನೊಂದು ಭಯವೂ ಇದೆ. ಐದು ವರ್ಷದ ಮಗಳ ಅಡ್ರಿನಲ್ ಗ್ರಂಥಿಗಳು ಹುಟ್ಟಿನಿಂದಲೇ ಕಾರ್ಟಿಸೋಲ್ ತಯಾರಿಸುವುದಿಲ್ಲ. ದಿನಕ್ಕೆ ಮೂರು ಸಲ 2.5 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಮಾತ್ರೆ ಕೊಡುತ್ತೇವೆ.

ಜ್ವರ ಬಂದಾಗ ನಿಮ್ಮ ನಮ್ಮ ದೇಹ ತಾನಾಗಿಯೇ ಹೆಚ್ಚು ಕಾರ್ಟಿಸೋಲ್ ಸುರಿಸುತ್ತದೆ. ಅವಳದ್ದು ಸುರಿಸಲಾರದು. ಆಗ ರಕ್ತದೊತ್ತಡವೂ ಸಕ್ಕರೆಯೂ ಕುಸಿಯಬಹುದು. ಆ ಕೊರತೆಯನ್ನು ಮಾತ್ರೆಯೇ ತುಂಬಬೇಕು. ಡಾಕ್ಟರು ಬರೆದುಕೊಟ್ಟ ಹಾಳೆ ಫ್ರಿಜ್ ಬಾಗಿಲ ಮೇಲಿದೆ: ಜ್ವರ 100.4 ಡಿಗ್ರಿ ದಾಟಿದರೆ ಪ್ರತಿ ಡೋಸೂ ಎರಡರಷ್ಟು, 102.2 ದಾಟಿದರೆ ಮೂರರಷ್ಟು. ಜ್ವರ ಬಿಟ್ಟು ಒಂದು ದಿನ ಕಳೆದ ಮೇಲೆ ಮಾಮೂಲಿ ಡೋಸ್. ಜ್ವರವಿಲ್ಲದ ನೆಗಡಿಗೆ, ಶಾಲೆಯ ಓಟಕ್ಕೆ ಹೆಚ್ಚಿಸಬೇಕಾಗಿಲ್ಲ.

ಹುಬ್ಬಳ್ಳಿಯಿಂದ ಬಂದ ಅತ್ತೆ, "ಸ್ಟೆರಾಯ್ಡ್ ಅಷ್ಟೊಂದ್ ಯಾಕ ಕೊಡ್ತೀರಿ?" ಎಂದರು. ಕೇಳಬೇಕಾದ ಪ್ರಶ್ನೆಯೇ. ವರ್ಷಗಟ್ಟಲೆ ಹೆಚ್ಚು ಕೊಟ್ಟರೆ ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ, ನಿಜ. ಎರಡು ಮೂರು ದಿನದ ಹೆಚ್ಚುವರಿ ಡೋಸ್ ಹಾಗಲ್ಲ. ಅದನ್ನು ಕೊಡದಿರುವುದೇ ಅಪಾಯ.

ನಿಜವಾದ ಪರೀಕ್ಷೆ ವಾಂತಿ. ಕಳೆದ ಮಳೆಗಾಲದ ಒಂದು ರಾತ್ರಿ ಜ್ವರ 101.5 ಇತ್ತು. 5 ಮಿಲಿಗ್ರಾಂ ಕೊಟ್ಟೆವು. ಇಪ್ಪತ್ತು ನಿಮಿಷಕ್ಕೆ ವಾಂತಿ. ಮಾತ್ರೆ ದೇಹಕ್ಕೆ ಸೇರಿರುವುದಿಲ್ಲವಾದ್ದರಿಂದ ಅದೇ ಡೋಸ್ ಮತ್ತೆ ಕೊಟ್ಟೆವು. ಅದೂ ಹೊರಬಂತು. ಮಗು ಮಂಕಾಗಿತ್ತು, ಕೈಕಾಲು ತಣ್ಣಗಿದ್ದವು. ಮೂರನೇ ಮಾತ್ರೆಗೆ ಅರ್ಥವಿಲ್ಲ.

ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಪುಡಿಯ ರೂಪದಲ್ಲಿ ಬರುತ್ತದೆ. ನಮ್ಮ ಸೀಸೆಯಲ್ಲಿರುವುದು 100 ಮಿಲಿಗ್ರಾಂ. ಅದಕ್ಕೆ 2 ಎಂಎಲ್ ಸ್ಟೆರೈಲ್ ವಾಟರ್ ಸೇರಿಸಿ, ಪುಡಿ ಪೂರ್ತಿ ಕರಗುವವರೆಗೆ ಕದಡಿದೆ. ಅವಳ ವಯಸ್ಸಿಗೆ 50 ಮಿಲಿಗ್ರಾಂ, ಅಂದರೆ ಸರಿಯಾಗಿ 1 ಎಂಎಲ್. ತೊಡೆಯ ಹೊರಬದಿಯ ನಡುಭಾಗಕ್ಕೆ ಸೂಜಿಯನ್ನು ನೇರವಾಗಿ ಚುಚ್ಚಿ ಮಾಂಸಖಂಡಕ್ಕೆ ಕೊಟ್ಟೆ. ನರ್ಸ್ ಮೊದಲೇ ಕಲಿಸಿದ್ದರು; ಅವಧಿ ಮುಗಿದ ಸೀಸೆಗಳಲ್ಲಿ ಅಭ್ಯಾಸ ಮಾಡಿದ್ದೆವು.

ಇಂಜೆಕ್ಷನ್ ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಅದು ದಾರಿಗೆ ಸಮಯ ಗಳಿಸಿಕೊಡುತ್ತದೆ, ಅಷ್ಟೆ. ತಮಿಳಿನಲ್ಲೂ ವಾಂತಿಗೆ 'ವಾಂದಿ' ಎನ್ನುತ್ತಾರೆ, ಆಟೋದವರಿಗೆ ಬೇಗ ಅರ್ಥವಾಯಿತು. ಆಸ್ಪತ್ರೆಯಲ್ಲಿ ಮೊದಲು ಸಕ್ಕರೆ ನೋಡಿ, ಗ್ಲೂಕೋಸ್ ಬೆರೆತ ಸಲೈನ್ ಹಾಕಿದರು. ಡಾಕ್ಟರ ಪತ್ರ ಕೈಯಲ್ಲಿದ್ದುದರಿಂದ, ಬರೀ ವಾಂತಿಯೆಂದು ಕಾಯಿಸಲಿಲ್ಲ.

ಮುಂದಿನ ತಿಂಗಳು ಅವಳಿಗೆ ಟಾನ್ಸಿಲ್ ಆಪರೇಷನ್. ಉಪವಾಸವಿರುವಾಗ ಮಾತ್ರೆ ನುಂಗುವಂತಿಲ್ಲ, ಗಾಯದ ಒತ್ತಡ ಬೇರೆ. ಆದ್ದರಿಂದ ಅರಿವಳಿಕೆ ಶುರುವಾಗುವಾಗಲೇ ರಕ್ತನಾಳಕ್ಕೆ ಹೈಡ್ರೋಕಾರ್ಟಿಸೋನ್ ಕೊಟ್ಟು, ಅವಳು ಸರಿಯಾಗಿ ತಿನ್ನುವವರೆಗೆ ಮುಂದುವರಿಸುತ್ತಾರೆ. ಅರಿವಳಿಕೆ ವೈದ್ಯರಿಗೆ ಪತ್ರದ ಪ್ರತಿ ಕೊಟ್ಟಿದ್ದೇವೆ. ಇಲ್ಲಿ ಹೇಳಿದ ಅಳತೆಗಳು ನಮ್ಮ ಮಗಳವು. ಅದೇ ತೊಂದರೆಯಿರುವ ಇನ್ನೊಂದು ಮಗುವಿನ ಹಾಳೆಯನ್ನು ಅದರ ಡಾಕ್ಟರೇ ಬರೆಯಬೇಕು.